ಸಾವು ಕಂಡ ಮನೆಯವರ ಸಂದರ್ಶನ: ಎಥಿಕ್ಸ್ ಕಮಿಟಿಗೆ ಅರ್ಜಿ ಬರೆಯುವ ಬಗೆ

ಮನುಷ್ಯರನ್ನು ಒಳಗೊಂಡ ಆರೋಗ್ಯ ಸಂಶೋಧನೆಗೆ ಭಾರತದಲ್ಲಿ ಸಂಸ್ಥೆಯ ಎಥಿಕ್ಸ್ ಕಮಿಟಿಯ ಪರಿಶೀಲನೆ ಅಗತ್ಯ. ಇದಕ್ಕೆ ಆಧಾರ ಐಸಿಎಂಆರ್ 2017ರಲ್ಲಿ ಹೊರತಂದ ರಾಷ್ಟ್ರೀಯ ಮಾರ್ಗಸೂಚಿ. ಅದರ ಪ್ರಕಾರ ಸಮಿತಿಯಲ್ಲಿ 7ರಿಂದ 15 ಸದಸ್ಯರಿರುತ್ತಾರೆ. ವೈದ್ಯರ ಜೊತೆಗೆ ಕಾನೂನು ತಿಳಿದವರು, ಸಮಾಜ ವಿಜ್ಞಾನ ಬಲ್ಲವರು ಮತ್ತು ಒಬ್ಬ ಜನಸಾಮಾನ್ಯ ಪ್ರತಿನಿಧಿಯೂ ಅಲ್ಲಿರಬೇಕು. ಆದ್ದರಿಂದ ಅರ್ಜಿಯನ್ನು ವೈದ್ಯಕೀಯ ಪರಿಭಾಷೆ ಗೊತ್ತಿಲ್ಲದವರಿಗೂ ಅರ್ಥವಾಗುವಂತೆ ಬರೆಯಬೇಕಾಗುತ್ತದೆ.

ಎಂ.ಎಸ್ಸಿ. ನರ್ಸಿಂಗ್ ವಿದ್ಯಾರ್ಥಿನಿಯೊಬ್ಬರ ಅಧ್ಯಯನವನ್ನು ಉದಾಹರಣೆಯಾಗಿ ಕಲ್ಪಿಸಿಕೊಳ್ಳಬಹುದು. ಜಿಲ್ಲಾ ಕೇಂದ್ರದ ಆಸ್ಪತ್ರೆಯ ಐಸಿಯುನಲ್ಲಿ ತೀರಿಕೊಂಡ ರೋಗಿಗಳ ಮನೆಯವರು, ಕೊನೆಯ ದಿನಗಳಲ್ಲಿ ನರ್ಸ್‌ಗಳು ತಮ್ಮೊಡನೆ ಹೇಗೆ ಮಾತಾಡಿದರೆಂದು ಹೇಳಬೇಕು. ಹನ್ನೆರಡು ಜನರ ಸಂದರ್ಶನ, ಒಂದೊಂದೂ ಸುಮಾರು ಒಂದು ಗಂಟೆ. ಇಲ್ಲಿ ಔಷಧ, ಸೂಜಿ ಯಾವುದೂ ಇಲ್ಲವೆಂದು 'ಅಪಾಯವಿಲ್ಲ' ಎಂದು ಬರೆದರೆ ಸಮಿತಿ ಒಪ್ಪುವುದು ಕಷ್ಟ. ಆರದ ದುಃಖವನ್ನು ಕೆದಕುವುದೇ ಇಲ್ಲಿನ ಅಪಾಯ. ಅದನ್ನು ಒಪ್ಪಿಕೊಂಡು, ಯಾವಾಗ ಯಾರು ಏನು ಮಾಡುತ್ತಾರೆಂದು ಹೇಳುವುದೇ ಅರ್ಜಿಯ ತಿರುಳು.

ಮೊದಲನೆಯದು ಸಂಪರ್ಕ. ಆಸ್ಪತ್ರೆಯ ದಾಖಲೆಯಿಂದ ಫೋನ್ ನಂಬರ್ ತೆಗೆದು ಸಂಶೋಧಕಿಯೇ ಕರೆ ಮಾಡಿದರೆ ಗೋಪ್ಯತೆ ಮುರಿಯುತ್ತದೆ. ಬದಲಿಗೆ ಆಸ್ಪತ್ರೆಯ ಪರವಾಗಿ ಪತ್ರ ಹೋಗಿ, ಆಸಕ್ತಿ ಇದ್ದವರ ನಂಬರ್ ಮಾತ್ರ ಸಂಶೋಧಕಿಗೆ ಸಿಗುವ ವ್ಯವಸ್ಥೆ ಮಾಡಬಹುದು. ಉತ್ತರ ಬಾರದಿದ್ದರೆ ಒಮ್ಮೆ ನೆನಪಿಸಿ ಸುಮ್ಮನಾಗುವುದೆಂದೂ ಬರೆಯಬೇಕು. ಸಂಶೋಧಕಿ ಅದೇ ಐಸಿಯುನಲ್ಲಿ ಕೆಲಸ ಮಾಡುವವರಾದರೆ ಮನೆಯವರು ದಾಕ್ಷಿಣ್ಯಕ್ಕೆ ಒಪ್ಪಬಹುದು, ದೂರುಗಳನ್ನು ನುಂಗಿಕೊಳ್ಳಬಹುದು. ಆದ್ದರಿಂದ ತಾವು ಸ್ವತಃ ಆರೈಕೆ ಮಾಡಿದ ರೋಗಿಗಳ ಮನೆಯವರನ್ನು ಅವರು ಕೈಬಿಡುವುದು ಒಳ್ಳೆಯದು.

ಎರಡನೆಯದು ಕಾಲ. ತೀರಾ ಬೇಗ ಹೋದರೆ ಮನೆ ಇನ್ನೂ ಕ್ರಿಯಾಕರ್ಮಗಳಲ್ಲಿರುತ್ತದೆ, ತೀರಾ ತಡವಾದರೆ ವಿವರಗಳು ಮಸುಕಾಗುತ್ತವೆ. ಎಲ್ಲರಿಗೂ ಹೊಂದುವ ಒಂದೇ ಅವಧಿ ಇಲ್ಲ. ಈ ಅಧ್ಯಯನಕ್ಕೆ ಮೂರು ತಿಂಗಳ ನಂತರ, ಒಂದು ವರ್ಷದೊಳಗೆ ಎಂದು ಕಾರಣಸಹಿತ ನಿಗದಿ ಮಾಡಬಹುದು. ವರ್ಷದ ತಿಥಿಯ ಆಸುಪಾಸು, ಸತ್ತವರಿಲ್ಲದ ಮೊದಲ ದೊಡ್ಡ ಹಬ್ಬದ ವಾರ ಬಿಟ್ಟು ದಿನವನ್ನು ಮನೆಯವರೇ ಆರಿಸಲಿ. ಆತ್ಮಹತ್ಯೆ, ಪೊಲೀಸ್ ತನಿಖೆ ಅಥವಾ ಪರಿಹಾರದ ಮೊಕದ್ದಮೆ ಇರುವ ಸಾವುಗಳನ್ನು ಈ ಅಧ್ಯಯನದಿಂದ ಹೊರಗಿಟ್ಟರೆ, ಅದಕ್ಕೂ ಕಾರಣ ಕೊಡಬೇಕು.

ಹೆಚ್ಚು ಎಡವುವುದು ಮೂರನೆಯದರಲ್ಲಿ: ಸಂದರ್ಶನದ ನಡುವೆ ದುಃಖ ಉಕ್ಕಿದರೆ ಏನು ಮಾಡುವುದು? 'ಅಗತ್ಯ ಬಿದ್ದರೆ ಆಪ್ತಸಮಾಲೋಚನೆ ಕೊಡಿಸಲಾಗುವುದು' ಎಂಬ ಒಂದು ಸಾಲಷ್ಟೇ ಇದ್ದರೆ ಅರ್ಜಿ ಪ್ರಶ್ನೆಗಳೊಂದಿಗೆ ಹಿಂದಿರುಗುವ ಸಂಭವವೇ ಹೆಚ್ಚು. ಬರೆಯಬೇಕಾದ್ದು ಕ್ರಮ. ಕಣ್ಣೀರು ಬಂದರೆ ಮಾತು ನಿಲ್ಲಿಸಿ, ಮುಂದುವರಿಸಬೇಕೇ ಎಂದು ಕೇಳುವುದು. ಅಳು ನಿಲ್ಲದಿದ್ದರೆ ರೆಕಾರ್ಡರ್ ಆರಿಸಿ, ಸಂದರ್ಶನ ಮುಗಿಸಿ, ಸಾವರಿಸಿಕೊಳ್ಳುವವರೆಗೆ ಜೊತೆಗಿರುವುದು. ಸಾಯುವ ಮಾತು ಬಂದರೆ ಅವರನ್ನು ಒಂಟಿಯಾಗಿ ಬಿಡದೆ ಮಾರ್ಗದರ್ಶಕರಿಗೆ ಮತ್ತು ಮನೋವೈದ್ಯರಿಗೆ ಅಂದೇ ತಿಳಿಸುವುದು. ಇಂಥ ಸಂದರ್ಭದಲ್ಲಿ ಗೋಪ್ಯತೆಗೆ ಮಿತಿಯಿದೆಯೆಂದು ಒಪ್ಪಿಗೆ ಪತ್ರದಲ್ಲೇ ಮೊದಲು ಹೇಳಿರಬೇಕು. ಎಲ್ಲರಿಗೂ ಮರುದಿನ ಒಂದು ಫೋನ್, ಜೊತೆಗೆ ಟೆಲಿ ಮಾನಸ್‌ನ 14416 ನಂಬರ್ ಇರುವ ಚೀಟಿ. ನೆರವಾಗಲು ಒಪ್ಪಿದ ಆಪ್ತಸಮಾಲೋಚಕರ ಪತ್ರವನ್ನು ಲಗತ್ತಿಸಿದರೆ ಯೋಜನೆ ನಂಬುವಂತಾಗುತ್ತದೆ.

ಮಾಹಿತಿ ಪತ್ರ ಆಡುಮಾತಿಗೆ ಹತ್ತಿರವಾದ ಕನ್ನಡದಲ್ಲಿರಬೇಕು. ಉತ್ತರ ಬೇಡವೆನಿಸಿದ ಪ್ರಶ್ನೆ ಬಿಡಬಹುದು, ಕಾರಣ ಹೇಳದೆ ಹಿಂದೆ ಸರಿಯಬಹುದು ಎಂಬುದು ಸ್ಪಷ್ಟವಾಗಿರಲಿ. ವಿಶ್ಲೇಷಣೆ ಶುರುವಾದ ಮೇಲೆ ಮಾತನ್ನು ತೆಗೆಯಲಾಗದಿದ್ದರೆ ಆ ಗಡುವನ್ನೂ ತಿಳಿಸಬೇಕು. ಓದಲು ಬಾರದವರಿಗೆ ಪತ್ರ ಓದಿ ಹೇಳಿ, ಅಧ್ಯಯನಕ್ಕೆ ಸಂಬಂಧವಿಲ್ಲದ ಸಾಕ್ಷಿಯ ಎದುರು ಹೆಬ್ಬೆಟ್ಟು ಪಡೆಯಲಾಗುತ್ತದೆ.

ಹೆಸರು ಬದಲಿಸಿದ ಮಾತ್ರಕ್ಕೆ ಗುರುತು ಮರೆಯಾಗದು. ಊರು, ಕಸುಬು, ಸಾವಿನ ದಿನ ಸೇರಿದರೆ ಸಣ್ಣ ಪಟ್ಟಣದಲ್ಲಿ ಯಾರ ಮನೆಯೆಂದು ತಿಳಿದುಬಿಡುತ್ತದೆ. ಹಾಗಾಗಿ ಯಾವ ವಿವರ ಅಳಿಸುತ್ತೇವೆ, ಧ್ವನಿಮುದ್ರಣ ಯಾರ ಬಳಿ ಇರುತ್ತದೆ, ಯಾವಾಗ ನಾಶವಾಗುತ್ತದೆ ಎಂದು ಬರೆಯಬೇಕು. ಸತ್ತವರ ಕಾಯಿಲೆಯ ಗುಟ್ಟೂ ಗುಟ್ಟೇ: ಮನೆಯವರಿಗೆ ತಿಳಿಯದ ಎಚ್‌ಐವಿಯಂಥ ಸಂಗತಿ ಸಂಶೋಧಕಿಯ ಬಾಯಿಂದ ಹೊರಬೀಳಬಾರದು. ನಿರ್ಲಕ್ಷ್ಯದ ಆರೋಪ ಕೇಳಿಬಂದರೆ ದೂರು ಕೊಡುವ ದಾರಿಯನ್ನು ತಿಳಿಸುವ ಬಗೆಯೂ ಮೊದಲೇ ನಿರ್ಧಾರವಾಗಿರಬೇಕು.

ಅರ್ಜಿಯ ಜೊತೆ ಅಧ್ಯಯನದ ರೂಪುರೇಷೆ, ಪ್ರಶ್ನೆಗಳ ಪಟ್ಟಿ, ಮಾಹಿತಿ ಮತ್ತು ಒಪ್ಪಿಗೆ ಪತ್ರಗಳು, ಸಂಪರ್ಕ ಪತ್ರದ ಕರಡು, ಆಸ್ಪತ್ರೆಯ ಅನುಮತಿ ಇರುತ್ತವೆ. ಲಿಖಿತ ಒಪ್ಪಿಗೆ ಕೈಸೇರುವ ಮುನ್ನ ಒಂದು ಸಂದರ್ಶನವೂ ನಡೆಯುವಂತಿಲ್ಲ. ನಂತರ ಮನೆಭೇಟಿಯ ಬದಲು ಫೋನ್ ಸಂದರ್ಶನ ಮಾಡಬೇಕೆನಿಸಿದರೆ, ಆ ತಿದ್ದುಪಡಿಗೂ ಸಮಿತಿಯ ಒಪ್ಪಿಗೆ ಪಡೆಯಬೇಕು.