ಗ್ರಾಮಸಭೆಯ ಕೂಗಾಟಕ್ಕೆ ತಗ್ಗಿದ ದನಿಯ ಉತ್ತರ

ಕುಡಿಯುವ ನೀರಿನ ವಿಷಯ ಬಂದೊಡನೆ ಗ್ರಾಮಸಭೆಯಲ್ಲಿ ಒಬ್ಬರು ಎದ್ದು "ಎಲ್ಲ ಸುಳ್ಳು!" ಎಂದು ಕೂಗಿದಾಗ, ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಅಂದರೆ ಪಿಡಿಒ, "ಸಮಾಧಾನ ಮಾಡಿಕೊಳ್ಳಿ" ಎಂದರೆ ಸಭೆ ಇನ್ನಷ್ಟು ಕೆರಳುತ್ತದೆ, ಏಕೆಂದರೆ ಆ ಮಾತು ನೀರನ್ನು ಬಿಟ್ಟು ಕೂಗಿದವರ ನಡತೆಯನ್ನೇ ತಪ್ಪೆನ್ನುತ್ತದೆ. ಅದರ ಬದಲು, ಕೂಗಿದವರು ಉಸಿರೆಳೆದುಕೊಳ್ಳುವವರೆಗೆ ತಡೆದು, ಮೈಕನ್ನು ತುಸು ದೂರ ಹಿಡಿದು, ತಗ್ಗಿದ ದನಿಯಲ್ಲಿ ಹೀಗೆ ಹೇಳಬಹುದು:

"ನಿಮ್ಮ ಬೀದಿಗೆ ನೀರು ಬಂದಿಲ್ಲ ಎಂದು ನಡಾವಳಿಯಲ್ಲಿ ಬರೆಸುತ್ತಿದ್ದೇನೆ. ಎಷ್ಟು ದಿನದಿಂದ ಬಂದಿಲ್ಲ, ಹೇಳಿ."

ನಡಾವಳಿ ಎಂದರೆ ಸಭೆಯ ಲಿಖಿತ ದಾಖಲೆ. ತಮ್ಮ ಮಾತು ಅದರಲ್ಲಿ ಸೇರುವುದು ಕಣ್ಣೆದುರೇ ಕಂಡಾಗ ಮತ್ತೆ ಕೂಗುವ ಅಗತ್ಯ ಕಡಿಮೆಯಾಗುತ್ತದೆ, ಆದರೆ ಬರೆಯುವಂತೆ ನಟಿಸಿದರೆ ಮುಂದಿನ ಸಭೆಯಲ್ಲಿ ಈ ಉಪಾಯ ನಡೆಯದು. ಬೈಗುಳ ಹೋಗಿ ದಿನ, ಬೀದಿ, ಮೋಟರಿನ ವಿವರ ಬರತೊಡಗಿದರೆ ಬಿಸಿ ಇಳಿಯುತ್ತಿದೆ ಎಂದರ್ಥ.

ಆಗ ಅಧಿಕಾರಿ ತನಗೆ ಗೊತ್ತಿರುವಷ್ಟನ್ನೇ ಹೇಳಬೇಕು: "ಮೋಟರ್ ಸುಟ್ಟಿರುವುದು ನಿಜ. ರಿಪೇರಿಯ ದಿನ ಈಗ ಹೇಳಲಾರೆ. ಶುಕ್ರವಾರ ಕಚೇರಿಯ ಫಲಕದಲ್ಲಿ ಬರೆಸುತ್ತೇನೆ."

ಉತ್ತರವನ್ನು ಕೂಗಿದವರತ್ತ ಆರಂಭಿಸಿ ಇಡೀ ಸಭೆಯತ್ತ ನೋಡುತ್ತ ಮುಗಿಸಿದರೆ, ಅದು ಇಬ್ಬರ ಜಗಳವಾಗಿ ಉಳಿಯುವುದಿಲ್ಲ. ಕೈಕೈ ಮಿಲಾಯಿಸುವ ಹಂತ ತಲುಪಿದ ಸಭೆಗೆ ಮಾತ್ರ ಈ ಮಾತುಗಳು ಸಾಲವು. ಅಲ್ಲಿ ಅಧ್ಯಕ್ಷರು ಸಭೆಯನ್ನು ಮುಂದೂಡುವುದೇ ಸರಿ.