ಮೂರೇ ಬಿಂದುಗಳಿಂದ ಏಕಮಾನ ವೃತ್ತ

ಏಕಮಾನ ವೃತ್ತದ ತ್ರಿಜ್ಯ 1, ಕೇಂದ್ರ ಮೂಲಬಿಂದು. ಅದರ ಮೇಲಿನ ಯಾವುದೇ ಬಿಂದುವಿನ x ಬೆಲೆ ಕೋನದ ಕೊಸೈನ್, y ಬೆಲೆ ಸೈನ್. ಬಾಯಿಪಾಠ ಮಾಡುವ ಬೆಲೆಗಳಲ್ಲಿ ಹೆಚ್ಚಿನವು ಮೊದಲ ಚತುರ್ಥಕದ ಮೂರು ಬಿಂದುಗಳ ಪ್ರತಿಬಿಂಬಗಳಷ್ಟೇ.

ಆ ಮೂರನ್ನೂ ಕಟ್ಟಿಕೊಳ್ಳಬಹುದು. ಬಾಹು 1 ಇರುವ ಸಮಬಾಹು ತ್ರಿಭುಜವನ್ನು ಸರಿಯಾಗಿ ಅರ್ಧ ಮಾಡಿದರೆ ಕಿರಿಯ ಬಾಹು 1/2. ಪೈಥಾಗೊರಸ್ ಪ್ರಮೇಯದಂತೆ ಇನ್ನೊಂದು √3/2. ಹೀಗೆ 30°ಗೆ (√3/2, 1/2) ಸಿಗುತ್ತದೆ. x = y ರೇಖೆಯಲ್ಲಿ ಪ್ರತಿಫಲಿಸಿದರೆ ಬೆಲೆಗಳು ಅದಲುಬದಲಾಗಿ 60° ಬರುತ್ತದೆ. ಆ ರೇಖೆಯ ಮೇಲೆಯೇ ಇರುವ 45°ಗೆ ಎರಡೂ ಬೆಲೆ √2/2.

ಈಗ 210° ಬೇಕೆನ್ನಿ. ಅದು 180° ದಾಟಿ 30° ಮುಂದಿದೆ. 30°ಯ ಬಿಂದುವನ್ನು ಕೇಂದ್ರದ ಮೂಲಕ ಎದುರು ಬದಿಗೆ ಒಯ್ದರೆ ಎರಡೂ ಚಿಹ್ನೆ ಋಣವಾಗಿ (−√3/2, −1/2) ದೊರೆಯುತ್ತದೆ.

ಹಲವರು ಎಡವುವುದು ಇಲ್ಲಿಯೇ: 270°ಯಿಂದ ಅಳೆದು 60° ಎಂದುಕೊಂಡು ಬೆಲೆಗಳನ್ನು ತಿರುವುಮುರುವು ಮಾಡುತ್ತಾರೆ. ಕೋನವನ್ನು ಯಾವಾಗಲೂ x ಅಕ್ಷದಿಂದಲೇ ಅಳೆಯಬೇಕು. ಚಿತ್ರ ನೋಡಿದರೆ ತಪ್ಪು ತಿಳಿಯುತ್ತದೆ. 210°ಯ ಬಿಂದು x ಅಕ್ಷಕ್ಕೆ ಹತ್ತಿರವಿರುವುದರಿಂದ ಅದರ y ಬೆಲೆಯ ಪರಿಮಾಣ ಚಿಕ್ಕದಿರಲೇಬೇಕು. 20°ಯಂಥ ಕೋನದ ಬೆಲೆಯನ್ನು ಮಾತ್ರ ಈ ಮೂರು ಬಿಂದುಗಳ ಪ್ರತಿಫಲನ ಕೊಡಲಾರದು. ಆದರೆ ಅದು ಗೊತ್ತಿದ್ದರೆ 160°, 200°, 340° ಇದೇ ದಾರಿಯಲ್ಲಿ ಸಿಗುತ್ತವೆ.