ಮುದ್ದೆ ಊಟಕ್ಕೆ 50-20-30ರ ಲೆಕ್ಕ

ಕಾರ್ಬೋಹೈಡ್ರೇಟ್ ಶೇ. 50, ಪ್ರೋಟೀನ್ ಶೇ. 20, ಕೊಬ್ಬು ಶೇ. 30. ಜಿಮ್‌ಗೆ ಸೇರಿದವರಿಗೆ, ತೂಕ ಇಳಿಸಲು ಹೊರಟವರಿಗೆ ಇಂಥದ್ದೊಂದು ಚೀಟಿ ಸಿಗುವುದು ಈಗ ಮಾಮೂಲು. ಚೀಟಿ ಹಿಡಿದು ಮನೆಗೆ ಬಂದರೆ ತಟ್ಟೆಯಲ್ಲಿರುವುದು ರಾಗಿಮುದ್ದೆ, ತೊಗರಿಬೇಳೆ ಹಾಕಿದ ಸೊಪ್ಪಿನ ಸಾರು. ಇವೆರಡೂ ಒಂದಕ್ಕೊಂದು ಹೊಂದುತ್ತವೆಯೇ ಎಂದು ನೋಡಲು ಅಡುಗೆಮನೆಯ ತಕ್ಕಡಿ ಮತ್ತು ಒಂದಿಷ್ಟು ಗುಣಾಕಾರ ಸಾಕು.

ಹೆಚ್ಚಿನವರು ಎಡವುವುದು ಮೊದಲ ಹೆಜ್ಜೆಯಲ್ಲೇ. ಚೀಟಿಯಲ್ಲಿರುವ ಶೇಕಡಾವಾರು ತೂಕದ್ದಲ್ಲ, ಕ್ಯಾಲೊರಿಯದು. ಒಂದು ಗ್ರಾಂ ಪ್ರೋಟೀನ್ ಅಥವಾ ಕಾರ್ಬೋಹೈಡ್ರೇಟ್‌ನಿಂದ ದೇಹಕ್ಕೆ ಸುಮಾರು 4 ಕ್ಯಾಲೊರಿ ಸಿಗುತ್ತದೆ, ಕೊಬ್ಬಿನಿಂದ 9. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಅಮೆರಿಕದ ರಸಾಯನ ವಿಜ್ಞಾನಿ ವಿಲ್ಬರ್ ಅಟ್‌ವಾಟರ್ ಮತ್ತು ಸಂಗಡಿಗರು ಆಹಾರವನ್ನು ಉರಿಸಿ ಅದರ ಶಾಖ ಅಳೆದರು, ಜೀರ್ಣವಾಗದೆ ಹೊರಹೋಗುವ ಪಾಲನ್ನು ಕಳೆದರು. ಆ ಕೆಲಸದಿಂದ ಬಂದ ಸರಾಸರಿಗಳನ್ನೇ ಇವತ್ತಿಗೂ ಬಳಸಲಾಗುತ್ತಿದೆ.

ಒಬ್ಬರ ಊಟಕ್ಕೆ 100 ಗ್ರಾಂ ರಾಗಿಹಿಟ್ಟು, 30 ಗ್ರಾಂ ತೊಗರಿಬೇಳೆ, ಒಗ್ಗರಣೆಗೆ 10 ಗ್ರಾಂ ಎಣ್ಣೆ ಎಂದುಕೊಳ್ಳೋಣ. ಸೊಪ್ಪಿನ ಪಾಲು ಚಿಕ್ಕದು, ಬಿಟ್ಟರೂ ನಡೆಯುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಆಹಾರ ಕೋಷ್ಟಕದ ಪ್ರಕಾರ ಅಷ್ಟು ರಾಗಿಯಲ್ಲಿ ಸುಮಾರು 7 ಗ್ರಾಂ ಪ್ರೋಟೀನ್, 2 ಗ್ರಾಂ ಕೊಬ್ಬು, 67 ಗ್ರಾಂ ಕಾರ್ಬೋಹೈಡ್ರೇಟ್ ಇರುತ್ತವೆ. ಬೇಳೆಯಿಂದ ಬರುವುದು ಆರೂವರೆ, ಅರ್ಧ ಮತ್ತು ಹದಿನಾರೂವರೆ ಗ್ರಾಂ. ಎಣ್ಣೆಯಂತೂ ಪೂರಾ ಕೊಬ್ಬು.

ಕೂಡಿದರೆ ಪ್ರೋಟೀನ್ 13.5, ಕೊಬ್ಬು 12.5, ಕಾರ್ಬೋಹೈಡ್ರೇಟ್ 83.5 ಗ್ರಾಂ. 4, 9, 4ರಿಂದ ಗುಣಿಸಿದಾಗ 54, 112 ಮತ್ತು 334 ಕ್ಯಾಲೊರಿ, ಒಟ್ಟು 500. ಅಂದರೆ ಪ್ರೋಟೀನ್ ಶೇ. 11, ಕೊಬ್ಬು 22, ಕಾರ್ಬೋಹೈಡ್ರೇಟ್ 67. ಇದನ್ನೇ ಗ್ರಾಂ ಲೆಕ್ಕದಲ್ಲಿ ಭಾಗಿಸಿದವರಿಗೆ ಕೊಬ್ಬು ಬರೀ ಶೇ. 11 ಎಂದು ಕಾಣುತ್ತದೆ. ಅವರು ಧೈರ್ಯವಾಗಿ ಇನ್ನೆರಡು ಚಮಚ ತುಪ್ಪ ಹಾಕಿಕೊಂಡರೆ ಆಶ್ಚರ್ಯವಿಲ್ಲ!

ಪ್ರೋಟೀನ್ ಗುರಿಯ ಅರ್ಧದಷ್ಟು ಮಾತ್ರ ಇದೆ. ಹಾಗಾದರೆ ಬೇಳೆ ಜಾಸ್ತಿ ಹಾಕಿದರಾಯಿತು ಎಂಬುದು ಯಾರಿಗೂ ಹೊಳೆಯುವ ಪರಿಹಾರ. ಆದರೆ ಪ್ರೋಟೀನಿಗೆ ಹೆಸರಾದ ತೊಗರಿಬೇಳೆಯ ಕ್ಯಾಲೊರಿಯಲ್ಲಿ ಪ್ರೋಟೀನಿನ ಪಾಲು ಶೇ. 27ರಷ್ಟೇ, ಉಳಿದದ್ದು ಬಹುತೇಕ ಕಾರ್ಬೋಹೈಡ್ರೇಟ್. ಮುದ್ದೆಯನ್ನೇ ಬಿಟ್ಟು ಬರೀ ಬೇಳೆ ತಿಂದು, ಕೊಬ್ಬು ಶೇ. 30 ಆಗುವಷ್ಟು ಎಣ್ಣೆ ಸೇರಿಸಿದರೂ ಪ್ರೋಟೀನ್ 20ರ ಹತ್ತಿರ ಬಂದು ನಿಂತುಬಿಡುತ್ತದೆ. ಮುದ್ದೆಯನ್ನೂ ಉಳಿಸಿಕೊಳ್ಳಬೇಕಾದರೆ ಪ್ರೋಟೀನ್ ಇನ್ನಷ್ಟು ದಟ್ಟವಾಗಿರುವ ಪದಾರ್ಥವೇ ಬೇಕು.

ಎರಡು ಬೇಯಿಸಿದ ಮೊಟ್ಟೆ ಆ ಕೆಲಸ ಮಾಡುತ್ತವೆ. ಅವುಗಳಿಂದ ಸುಮಾರು 13 ಗ್ರಾಂ ಪ್ರೋಟೀನ್, 10 ಗ್ರಾಂ ಕೊಬ್ಬು ಬರುತ್ತದೆ. ಬೇಳೆ ಅಷ್ಟೇ ಇರಲಿ. ರಾಗಿಹಿಟ್ಟನ್ನು 70 ಗ್ರಾಮಿಗೆ, ಎಣ್ಣೆಯನ್ನು 5 ಗ್ರಾಮಿಗೆ ಇಳಿಸಿದರೆ ಊಟ ಹಿಂದಿನಂತೆಯೇ ಸುಮಾರು 500 ಕ್ಯಾಲೊರಿಯದ್ದು, ಪಾಲು ಮಾತ್ರ ಶೇ. 19.5 ಪ್ರೋಟೀನ್, 30 ಕೊಬ್ಬು, 50.5 ಕಾರ್ಬೋಹೈಡ್ರೇಟ್. ಮೊಟ್ಟೆ ತಿನ್ನದವರಿಗೆ 25 ಗ್ರಾಂ ಒಣ ಸೋಯಾ ಚಂಕ್ಸ್ ಅಷ್ಟೇ ಪ್ರೋಟೀನ್ ಕೊಡುತ್ತದೆ. ಅದರಲ್ಲಿ ಕೊಬ್ಬು ಇಲ್ಲವೆನ್ನುವಷ್ಟು ಕಡಿಮೆ, ಒಂದಿಷ್ಟು ಕಾರ್ಬೋಹೈಡ್ರೇಟ್ ಇದೆ. ಹಾಗಾಗಿ ಹಿಟ್ಟು 60 ಗ್ರಾಮಿಗೆ ಇಳಿಯಬೇಕು, ಎಣ್ಣೆ 15 ಗ್ರಾಮಿಗೆ ಏರಬೇಕು.

ಲೆಕ್ಕ ಕೆಡುವುದು ಸಾಮಾನ್ಯವಾಗಿ ತಕ್ಕಡಿಯ ಬಳಿ. ಮೇಲಿನ ಅಂಕಿಗಳೆಲ್ಲ ಹಸಿ ಪದಾರ್ಥದವು. ಮುದ್ದೆ ಕಟ್ಟುವಾಗ ಹಿಟ್ಟಿನ ಎರಡು ಪಟ್ಟಿಗಿಂತ ಹೆಚ್ಚು ನೀರು ಸೇರಿರುತ್ತದೆ. ಮುದ್ದೆಯನ್ನೇ ತೂಗಿ ಹಿಟ್ಟಿನ ಅಂಕಿಗೆ ಗುಣಿಸಿದರೆ ರಾಗಿ ಮೂರು ಪಟ್ಟು ಉಬ್ಬುತ್ತದೆ, ಪ್ರೋಟೀನ್ ಪಾಲು ಇನ್ನೂ ಕುಸಿದಂತೆ ತೋರುತ್ತದೆ. ಒಲೆ ಹಚ್ಚುವ ಮೊದಲೇ ತೂಗುವುದು ಸುಲಭ. ಮನೆಮಂದಿಗೆಲ್ಲ ಒಟ್ಟಿಗೆ ಮಾಡಿದರೆ ಪಾತ್ರೆಯ ಒಟ್ಟು ಲೆಕ್ಕ ಬರೆದಿಟ್ಟು, ಬಡಿಸಿಕೊಂಡ ಪಾಲಿಗೆ ತಕ್ಕಂತೆ ಭಾಗಿಸಬಹುದು.

ಎಣ್ಣೆಯ ವಿಷಯದಲ್ಲಿ ಕೈ ಅಂದಾಜು ಒಪ್ಪುವುದಿಲ್ಲ. ಮೊದಲಿನ ಊಟಕ್ಕೆ ಇನ್ನೊಂದು ಟೀ ಚಮಚ, ಅಂದರೆ 5 ಗ್ರಾಂ ಬಿದ್ದರೆ ಕೊಬ್ಬು ಶೇ. 22ರಿಂದ 29ಕ್ಕೆ ಜಿಗಿಯುತ್ತದೆ. ಇದಕ್ಕೆ ಹೋಲಿಸಿದರೆ ಸೊಪ್ಪು ಒಂದು ಹಿಡಿ ಹೆಚ್ಚುಕಡಿಮೆ ಆದದ್ದು ಲೆಕ್ಕಕ್ಕೇ ಇಲ್ಲ.

ಇನ್ನೊಂದು ಗೊಂದಲ ನಾರಿನದು. ಈ ಕೋಷ್ಟಕದಲ್ಲಿ ನಾರು ಕಾರ್ಬೋಹೈಡ್ರೇಟ್‌ನಿಂದ ಬೇರೆ ಇದೆ. ಅಮೆರಿಕದ ಪೊಟ್ಟಣಗಳ ಮೇಲೆ ಒಟ್ಟು ಕಾರ್ಬೋಹೈಡ್ರೇಟ್ ಒಳಗೇ ಸೇರಿರುತ್ತದೆ. ರಾಗಿಯಲ್ಲಿ ನೂರಕ್ಕೆ 11 ಗ್ರಾಂ ನಾರು ಇರುವುದರಿಂದ ಎರಡು ಮೂಲಗಳ ಅಂಕಿಗಳನ್ನು ಬೆರೆಸಿದರೆ ಉತ್ತರ ಬದಲಾಗುತ್ತದೆ.

ಬೆಳೆದ ನೆಲ, ತಳಿಗೆ ತಕ್ಕಂತೆ ಧಾನ್ಯದ ಪ್ರೋಟೀನೇ ಏರುಪೇರಾಗುವಾಗ 19.5 ಮತ್ತು 20ರ ನಡುವಿನ ವ್ಯತ್ಯಾಸಕ್ಕೆ ತಲೆಕೆಡಿಸಿಕೊಳ್ಳಬೇಕಿಲ್ಲ. ಎರಡು ಮೂರು ಅಂಶ ಆಚೀಚೆಯಾದರೂ ಹೊಂದಿತೆಂದೇ ಹೇಳಬಹುದು. ಮಧ್ಯಾಹ್ನ ಮುದ್ದೆ ಊಟ ಶೇ. 11ಕ್ಕೆ ನಿಂತರೂ, ಅಷ್ಟೇ ಕ್ಯಾಲೊರಿಯ ರಾತ್ರಿಯೂಟದಲ್ಲಿ ಪ್ರೋಟೀನ್ ಶೇ. 29 ಇದ್ದರೆ ಎರಡೂ ಕೂಡಿ 20ಕ್ಕೆ ಬರುತ್ತವೆ. ರಾತ್ರಿಯೂಟ 300 ಕ್ಯಾಲೊರಿಯದ್ದಾದರೆ ಮಾತ್ರ ಆ 29 ಸಾಲದು, ಶೇ. 35 ಬೇಕಾಗುತ್ತದೆ.